ಒಂಬೈನೂರು ರೂಪಾಯಿಯ ಹಿಂದೆ ಏನಿದೆ? ಅಂಗಡಿಗಳ ಲೆಕ್ಕ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಮೂರು ತಿಂಗಳಿಗೊಮ್ಮೆ ಜಿಎಸ್‌ಟಿ ರಿಟರ್ನ್ ಹಾಕುವ ಅಂಗಡಿಗಳ ಲೆಕ್ಕ ಬರೆಯುವ ಗೆಳೆಯರೇ,

ನಾನು ತಾಲ್ಲೂಕು ಊರೊಂದರಲ್ಲಿ ತೆರಿಗೆ ಸಲಹೆಗಾರ. ಬೆಳಿಗ್ಗೆ ಒಂದು ಅಂಗಡಿ, ಮಧ್ಯಾಹ್ನ ಇನ್ನೊಂದು ಅಂಗಡಿ ಎಂದು ಓಡಾಡಿ ಟ್ಯಾಲಿಯಲ್ಲಿ ಬಿಲ್ಲು ಏರಿಸುವವರು ನೀವು. ತ್ರೈಮಾಸಿಕ ಮುಗಿದ ಮೇಲೆ ಆ ಫೈಲು ನನ್ನಂಥವರ ಮೇಜಿಗೆ ಬರುತ್ತದೆ. ಫೈಲಿನ ಜೊತೆ ನಿಮ್ಮಲ್ಲಿ ಹಲವರು ಒಂದು ಮಾತನ್ನೂ ಕಳಿಸುತ್ತೀರಿ: ‘ಬುಕ್ಸಿಗೂ 2ಬಿಗೂ ಸ್ವಲ್ಪವೇ ವ್ಯತ್ಯಾಸ ಸಾರ್, 2ಬಿಯಲ್ಲಿ ಇರುವಷ್ಟು ತಗೊಂಡು ಹಾಕಿಬಿಡಿ.’ ಈ ಪತ್ರ ಆ ಮಾತಿನ ಬಗ್ಗೆಯೇ. ವ್ಯತ್ಯಾಸ ಎಷ್ಟು ಎನ್ನುವುದರಿಂದ ಲೆಕ್ಕ ಸರಿಯಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಆ ವ್ಯತ್ಯಾಸ ಯಾವ ಯಾವ ಬಿಲ್ಲುಗಳಿಂದ ಆಗಿದೆ ಎಂದು ಹೆಸರು ಹಿಡಿದು ಹೇಳಲು ಬಂದರೆ ಮಾತ್ರ ಗೊತ್ತಾಗುತ್ತದೆ.

ಒಂದು ಹಾರ್ಡ್‌ವೇರ್ ಅಂಗಡಿಯ 2025ರ ಜುಲೈ–ಸೆಪ್ಟೆಂಬರ್ ತ್ರೈಮಾಸಿಕವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಸುಲಭವಾಗಲೆಂದು ಅಂಕಿಗಳನ್ನು ದುಂಡು ಮಾಡಿದ್ದೇನೆ. ಕೇಂದ್ರದ ತೆರಿಗೆ, ರಾಜ್ಯದ ತೆರಿಗೆ, ಐಜಿಎಸ್‌ಟಿ ಮೂರನ್ನೂ ಕೂಡಿಸಿ ಬರೆದಿದ್ದೇನೆ. ನಿಮ್ಮ ಹಾಳೆಯಲ್ಲಿ ಮೂರಕ್ಕೂ ಬೇರೆ ಬೇರೆ ಕಾಲಂ ಇರಲೇಬೇಕು. ಈ ತ್ರೈಮಾಸಿಕವನ್ನೇ ಆರಿಸಿದ್ದಕ್ಕೆ ಕಾರಣವಿದೆ. ಅದರ ನಡುವೆಯೇ, ಸೆಪ್ಟೆಂಬರ್ 22ರಂದು, ತೆರಿಗೆ ದರ ಬದಲಾಯಿತು; ಸಿಮೆಂಟು ಶೇ 28ರಿಂದ ಶೇ 18ಕ್ಕೆ ಇಳಿಯಿತು. ಬುಕ್ಸು ಮತ್ತು ರಿಟರ್ನು ದೂರವಾಗುವ ಬಗೆಗಳು ಅದರಲ್ಲಿ ಒಟ್ಟಿಗೆ ಸಿಗುತ್ತವೆ.

ಖರೀದಿಯ ಕಡೆ

ಅಂಗಡಿಯ ಖರೀದಿ ಪುಸ್ತಕದ ಪ್ರಕಾರ ಮೂರು ತಿಂಗಳ ಇನ್‌ಪುಟ್ ತೆರಿಗೆ ₹4,86,300. ಅಕ್ಟೋಬರ್ 14ರಂದು ಪೋರ್ಟಲಿನಲ್ಲಿ ಸಿದ್ಧವಾದ ಜಿಎಸ್‌ಟಿಆರ್-2ಬಿಯಲ್ಲಿ ₹4,85,400. ವ್ಯತ್ಯಾಸ ₹900. ಐದು ಲಕ್ಷದ ಹತ್ತಿರದ ಮೊತ್ತದಲ್ಲಿ ಒಂಬೈನೂರು ರೂಪಾಯಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. 2ಬಿಯಲ್ಲಿ ಕಾಣದ ತೆರಿಗೆಯನ್ನು ತೆಗೆದುಕೊಳ್ಳುವಂತಿಲ್ಲ ಎಂಬ ನಿಯಮ 2022ರ ಜನವರಿಯಿಂದ ಇದೆಯಲ್ಲ, ಹಾಗಾಗಿ 2ಬಿಯ ಅಂಕಿಯನ್ನೇ ಹಾಕಿಬಿಟ್ಟರೆ ಆಯಿತು ಎನಿಸುತ್ತದೆ. ಈಗ ಬಿಲ್ಲಿಗೆ ಬಿಲ್ಲು ಹೊಂದಿಸಿ ನೋಡೋಣ.

ಎಕ್ಸೆಲ್‌ನಲ್ಲಿ ಎರಡು ಹಾಳೆ ಮಾಡಿ. Books ಹಾಳೆಗೆ ಟ್ಯಾಲಿಯ ಖರೀದಿ ಪಟ್ಟಿ, TwoB ಹಾಳೆಗೆ ಪೋರ್ಟಲಿನಿಂದ ಇಳಿಸಿಕೊಂಡ 2ಬಿ. ಎರಡರಲ್ಲೂ A ಕಾಲಂನಲ್ಲಿ ಪಾರ್ಟಿಯ ಜಿಎಸ್‌ಟಿ ನಂಬರು, B ಕಾಲಂನಲ್ಲಿ ಬಿಲ್ ನಂಬರು, F ಕಾಲಂನಲ್ಲಿ ತೆರಿಗೆ ಇರಲಿ. ಕ್ರೆಡಿಟ್ ನೋಟಿನ ತೆರಿಗೆಯನ್ನು ಮೈನಸ್ ಚಿಹ್ನೆ ಹಾಕಿ ಬರೆಯಿರಿ. ಪಾರ್ಟಿ ‘ಎಸ್‌ಟಿ/0123/25-26’ ಎಂದು ಕಳಿಸಿದ ನಂಬರನ್ನು ನಾವು ‘ಎಸ್‌ಟಿ-0123-25-26’ ಎಂದು ಏರಿಸಿರುತ್ತೇವೆ. ಆದ್ದರಿಂದ E ಕಾಲಂನಲ್ಲಿ ಅಡ್ಡಗೆರೆ, ಓರೆಗೆರೆ, ಖಾಲಿ ಜಾಗ ಎಲ್ಲ ತೆಗೆದು ಎರಡೂ ಕಡೆ ಒಂದೇ ಥರದ ಗುರುತು ಮಾಡಿಕೊಳ್ಳಬೇಕು. ಮೊದಲ ಸಾಲು ಆ ಗುರುತಿಗೆ, ಎರಡನೆಯದು ವ್ಯತ್ಯಾಸಕ್ಕೆ:

```
=A2&"|"&SUBSTITUTE(SUBSTITUTE(SUBSTITUTE(UPPER(B2)," ",""),"-",""),"/","")
=SUMIFS(Books!F:F,Books!E:E,E2)-SUMIFS(TwoB!F:F,TwoB!E:E,E2)
```

ಎರಡೂ ಸೂತ್ರಗಳನ್ನು ಎರಡೂ ಹಾಳೆಗಳಲ್ಲಿ ಎಳೆಯಿರಿ. ವ್ಯತ್ಯಾಸದ ಸೂತ್ರವನ್ನು Books ಹಾಳೆಯಲ್ಲಿ ಮಾತ್ರ ಎಳೆದರೆ ಬುಕ್ಸಿನಲ್ಲಿದ್ದು 2ಬಿಯಲ್ಲಿ ಇಲ್ಲದ್ದು ಸಿಗುತ್ತದೆ, 2ಬಿಯಲ್ಲಿದ್ದು ಬುಕ್ಸಿನಲ್ಲಿ ಇಲ್ಲದ್ದು ಸಿಗುವುದಿಲ್ಲ. ಒಂದು ರೂಪಾಯಿ ಒಳಗಿನ ವ್ಯತ್ಯಾಸ ಬಿಲ್ಲಿನ ರೌಂಡಿಂಗ್, ಅದನ್ನು ಬಿಡಿ. ಉಳಿದ ಸಾಲುಗಳನ್ನು ಜಿಎಸ್‌ಟಿ ನಂಬರಿನ ಪ್ರಕಾರ ಜೋಡಿಸಿ. ಒಂದೇ ಪಾರ್ಟಿಯ ಎರಡು ಸಾಲುಗಳು, ತೆರಿಗೆ ಅಷ್ಟೇ, ಒಂದು ಬುಕ್ಸಿನಲ್ಲಿ ಇನ್ನೊಂದು 2ಬಿಯಲ್ಲಿ ಒಂಟಿಯಾಗಿದ್ದರೆ ಅದು ಬಿಲ್ ನಂಬರು ಬರೆಯುವಾಗಿನ ತಪ್ಪು. ಕಾಗದದ ಬಿಲ್ಲು ನೋಡಿ ಬುಕ್ಸಿನಲ್ಲಿ ತಿದ್ದಿ.

ಇಷ್ಟು ಮಾಡಿದ ಮೇಲೂ ನಮ್ಮ ಅಂಗಡಿಯಲ್ಲಿ ಐದು ಬಾಬತ್ತು ಉಳಿದವು. ಒಂದೊಂದಕ್ಕೂ ಕಾರಣ ಬೇರೆ, ಮಾಡಬೇಕಾದ ಕೆಲಸ ಬೇರೆ.

ಮೊದಲನೆಯದು ಬೆಂಗಳೂರಿನ ವೈರ್ ಪಾರ್ಟಿಯ ಆಗಸ್ಟ್ ಬಿಲ್ಲು, ತೆರಿಗೆ ₹16,200. ಸರಕು ಬಂದಿದೆ, ಬುಕ್ಸಿನಲ್ಲಿದೆ, 2ಬಿಯಲ್ಲಿ ಇಲ್ಲ. ಇಂಥದ್ದು ಸಿಕ್ಕಾಗ ಪಾರ್ಟಿಗೆ ಫೋನು ಮಾಡುವ ಮೊದಲು ಪೋರ್ಟಲಿನಲ್ಲಿ ಅವರ ಜಿಎಸ್‌ಟಿ ನಂಬರು ಹಾಕಿ, ರಿಟರ್ನ್ ಸಲ್ಲಿಸಿದ ದಿನಾಂಕಗಳ ಪಟ್ಟಿ ತೆರೆದು ನೋಡಿ. ಅವರೂ ಮೂರು ತಿಂಗಳಿಗೊಮ್ಮೆ ಜಿಎಸ್‌ಟಿಆರ್-1 ಹಾಕುವವರು. ಕೊನೆಯ ದಿನ ಅಕ್ಟೋಬರ್ 13, ಅವರು ಹಾಕಿದ್ದು 16ಕ್ಕೆ. ಹಾಗಾದರೆ ಈ ಬಿಲ್ಲು ನಮ್ಮ ಅಕ್ಟೋಬರ್–ಡಿಸೆಂಬರ್ 2ಬಿಯಲ್ಲಿ ತಾನಾಗಿ ಬರುತ್ತದೆ, ಕಾಯಬೇಕಷ್ಟೇ. ಒಂದು ವೇಳೆ ಅವರು 13ರ ಒಳಗೇ ಹಾಕಿದ್ದು, ಆದರೂ ನಮ್ಮ ಬಿಲ್ಲು ಕಾಣದಿದ್ದರೆ ಕಥೆ ಬೇರೆ. ಬಿಲ್ಲು ಬೇರೊಬ್ಬರ ನಂಬರಿಗೆ ಹೋಗಿರುತ್ತದೆ, ಇಲ್ಲವೇ ನಂಬರೇ ಇಲ್ಲದ ಚಿಲ್ಲರೆ ಮಾರಾಟದ ಮೊತ್ತದಲ್ಲಿ ಸೇರಿರುತ್ತದೆ, ಇಲ್ಲವೇ ಬಿಟ್ಟೇ ಹೋಗಿರುತ್ತದೆ. ಇದು ಕಾದರೆ ಬರುವುದಿಲ್ಲ. ಪಾರ್ಟಿ ತಿದ್ದುಪಡಿ ಹಾಕಲೇಬೇಕು.

ಎರಡನೆಯದು ಸಿಮೆಂಟ್ ಬಿಲ್ಲು. ಸೆಪ್ಟೆಂಬರ್ 24ರ ತಾರೀಖು, ಮೌಲ್ಯ ₹45,000. ಪಾರ್ಟಿ ಸರಿಯಾಗಿಯೇ ಶೇ 18ರಂತೆ ₹8,100 ತೆರಿಗೆ ಹಾಕಿದ್ದಾರೆ. ನಮ್ಮ ಟ್ಯಾಲಿಯ ಐಟಂ ಮಾಸ್ಟರಿನಲ್ಲಿ ಹಳೆಯ ಶೇ 28 ಹಾಗೇ ಇತ್ತು, ಅದು ₹12,600 ಎಂದು ಲೆಕ್ಕ ಹಾಕಿತು. ಬುಕ್ಸಿನಲ್ಲಿ ₹4,500 ಹೆಚ್ಚು. ಈ ತಪ್ಪಿಗೆ ಇನ್ನೊಂದು ಸಾಕ್ಷಿ ಪಾರ್ಟಿ ಖಾತೆಯಲ್ಲಿ ಇರುತ್ತದೆ: ಬಿಲ್ಲಿನ ಪೂರ್ತಿ ಹಣ ₹53,100 ಕೊಟ್ಟಾಗಿದ್ದರೂ ಅವರ ಖಾತೆಯಲ್ಲಿ ₹4,500 ಬಾಕಿ ತೋರಿಸುತ್ತಲೇ ಇರುತ್ತದೆ. ಹೊಂದಾಣಿಕೆಗೆ ಕೂರುವ ಮೊದಲು ಪಾರ್ಟಿ ಬಾಕಿಗಳ ಮೇಲೆ ಒಮ್ಮೆ ಕಣ್ಣಾಡಿಸಿದರೆ ಇಂಥವು ಅಲ್ಲೇ ಸಿಕ್ಕಿಬೀಳುತ್ತವೆ.

ಮೂರನೆಯದು ಪೇಂಟ್ ಕಂಪನಿಯ ಕ್ರೆಡಿಟ್ ನೋಟು. ಗುರಿ ಮುಟ್ಟಿದ್ದಕ್ಕೆ ₹20,000 ರಿಯಾಯಿತಿ, ಅದರ ಮೇಲಿನ ತೆರಿಗೆ ₹3,600. ಸೆಪ್ಟೆಂಬರ್ 30ರ ತಾರೀಖಿನಲ್ಲಿ ಅವರು ರಿಟರ್ನಿಗೆ ಹಾಕಿದ್ದಾರೆ, 2ಬಿಯಲ್ಲಿ ಅಷ್ಟು ಕಡಿತವಾಗಿದೆ. ಕಾಗದ ಅಂಗಡಿಗೆ ಇನ್ನೂ ಬಂದಿಲ್ಲ, ಹಾಗಾಗಿ ಬುಕ್ಸಿನಲ್ಲಿ ಇಲ್ಲ. ಕಾಗದಕ್ಕೆ ಕಾಯಬೇಡಿ, ರಿಯಾಯಿತಿ ನಿಜವೆಂದು ಮಾಲೀಕರಿಂದ ಖಚಿತ ಮಾಡಿಕೊಂಡು ಸೆಪ್ಟೆಂಬರಿನಲ್ಲೇ ನಮೂದಿಸಿ.

ನಾಲ್ಕನೆಯದು 2ಬಿಯಲ್ಲಿ ಮಾತ್ರ ಇರುವ, ಮಾಲೀಕರ ಸ್ವಂತ ಕಾರಿನ ರಿಪೇರಿ ಬಿಲ್ಲು, ತೆರಿಗೆ ₹5,400. ಶೋರೂಮಿನಲ್ಲಿ ‘ಜಿಎಸ್‌ಟಿ ನಂಬರು ಇದೆಯಾ’ ಎಂದು ಕೇಳಿದ್ದಾರೆ, ಇವರು ಅಂಗಡಿಯದ್ದನ್ನು ಕೊಟ್ಟಿದ್ದಾರೆ. ಓಡಾಟದ ಕಾರಿನ ಖರೀದಿ, ವಿಮೆ, ರಿಪೇರಿಯ ತೆರಿಗೆ ಹಾರ್ಡ್‌ವೇರ್ ಅಂಗಡಿಗೆ ಸಿಗುವುದಿಲ್ಲ. ಕಾಯ್ದೆಯ 17(5)ನೇ ಕಲಮು ಅದನ್ನು ತಡೆದಿದೆ. ಬುಕ್ಸಿನಲ್ಲಿ ನೀವು ಅದನ್ನು ಇನ್‌ಪುಟ್ ಎಂದು ಬರೆಯದೆ ಇದ್ದದ್ದು ಸರಿ.

ಐದನೆಯದು ಕೊಯಮತ್ತೂರಿನ ಪಂಪ್ ಪಾರ್ಟಿಯ ಬಿಲ್ಲು. ತಾರೀಖು ಸೆಪ್ಟೆಂಬರ್ 29, ಐಜಿಎಸ್‌ಟಿ ₹18,000. ಲಾರಿ ಅಂಗಡಿಗೆ ಬಂದದ್ದು ಅಕ್ಟೋಬರ್ 3ಕ್ಕೆ. ಸರಕು ಕೈಸೇರದೆ ಅದರ ತೆರಿಗೆ ತೆಗೆದುಕೊಳ್ಳುವಂತಿಲ್ಲ, ಆದ್ದರಿಂದ ಬುಕ್ಸಿನಲ್ಲಿ ಅಕ್ಟೋಬರಿಗೆ ಹೋಗಿದ್ದು ಸರಿಯಾಗಿಯೇ ಇದೆ. 2ಬಿಗೆ ಲಾರಿ ಎಲ್ಲಿದೆ ಎಂಬುದು ತಿಳಿಯದು, ಅದು ಪಾರ್ಟಿ ರಿಟರ್ನ್ ಹಾಕಿದ್ದನ್ನು ಮಾತ್ರ ನೋಡುತ್ತದೆ.

ಈಗ ಎರಡೂ ಕಡೆಯಿಂದ ಲೆಕ್ಕ ಮಾಡಿ:

| | ಬುಕ್ಸಿನಿಂದ | 2ಬಿಯಿಂದ |
|---|---|---|
| ಆರಂಭದ ಮೊತ್ತ | 4,86,300 | 4,85,400 |
| ವೈರ್ ಬಿಲ್ಲು, 2ಬಿಗೆ ಬಂದಿಲ್ಲ | – 16,200 | |
| ಸಿಮೆಂಟ್, ದರದ ತಪ್ಪು | – 4,500 | |
| ಪೇಂಟ್ ಕ್ರೆಡಿಟ್ ನೋಟು | – 3,600 | |
| ಕಾರು ರಿಪೇರಿ | | – 5,400 |
| ಪಂಪು, ಸರಕು ಬಂದಿಲ್ಲ | | – 18,000 |
| ಈ ತ್ರೈಮಾಸಿಕಕ್ಕೆ ಸಿಗುವುದು | 4,62,000 | 4,62,000 |

ಅಂಗಡಿಗೆ ಸಿಗಬೇಕಾದದ್ದು ₹4,62,000. 2ಬಿಯ ಅಂಕಿಯನ್ನು ಹಾಗೇ ತೆಗೆದುಕೊಂಡಿದ್ದರೆ ₹23,400 ಹೆಚ್ಚಾಗಿ ಪಡೆದಂತಾಗುತ್ತಿತ್ತು. ಒಂದು ಕಡೆ ₹24,300, ಇನ್ನೊಂದು ಕಡೆ ₹23,400. ಎರಡೂ ಒಂದನ್ನೊಂದು ಹೊಡೆದುಹಾಕಿ ಮೇಲೆ ಕಂಡದ್ದು ₹900 ಮಾತ್ರ.

ಇನ್ನೂ ಒಂದು ವಿಷಯ ಗಮನಿಸಿ. 3ಬಿಯಲ್ಲಿ ಪಡೆದ ತೆರಿಗೆ 2ಬಿಗಿಂತ ಮಿತಿ ಮೀರಿ ಹೆಚ್ಚಾದರೆ ಪೋರ್ಟಲು ಡಿಆರ್‌ಸಿ-01ಸಿ ಎಂಬ ತಿಳಿವಳಿಕೆ ಕಳಿಸುತ್ತದೆ, ಏಳು ದಿನದಲ್ಲಿ ಉತ್ತರಿಸಬೇಕು. 2ಬಿಯಷ್ಟೇ ತೆಗೆದುಕೊಂಡವರಿಗೆ ಅದು ಬರುವುದಿಲ್ಲ. ಕಾರು ಯಾರದ್ದು, ಪಂಪು ಯಾವಾಗ ಬಂತು ಎಂಬುದು ಇಲಾಖೆಯ ಆಡಿಟ್‌ನಲ್ಲಿ, ಅಂಗಡಿಯ ಕಾಗದಪತ್ರ ತೆರೆದಾಗ ಹೊರಬರುತ್ತದೆ. ಅಷ್ಟರಲ್ಲಿ ಆ ಹಣವನ್ನು ತೆರಿಗೆಗೆ ವಜಾ ಮಾಡಿಕೊಂಡು ಬಳಸಿಬಿಟ್ಟಿದ್ದರೆ ವರ್ಷಕ್ಕೆ ಶೇ 18ರ ಬಡ್ಡಿ ಸೇರಿರುತ್ತದೆ. ಪೋರ್ಟಲು ಸುಮ್ಮನಿದೆ ಎಂದರೆ ಲೆಕ್ಕ ಸರಿಯಿದೆ ಎಂದಲ್ಲ.

3ಬಿಯಲ್ಲಿ ಎಲ್ಲಿ ಬರೆಯುವುದು

ಸಿಗುವುದು ₹4,62,000 ಎಂದು ಗೊತ್ತಾದ ಕೂಡಲೇ 4(A)(5)ರಲ್ಲಿ 2ಬಿಯಿಂದ ತಾನಾಗಿ ಬಂದ ಅಂಕಿಯನ್ನು ಅಳಿಸಿ 4,62,000 ಎಂದು ಹೊಡೆಯುವವರಿದ್ದಾರೆ. ಕೊನೆಯ ಮೊತ್ತ ಸರಿಯಾಗುತ್ತದೆ ನಿಜ, ಆದರೆ ದಾರಿ ಅಳಿಸಿಹೋಗುತ್ತದೆ. 2022ರ ಜುಲೈನಲ್ಲಿ ಬಂದ 170ನೇ ಸುತ್ತೋಲೆ ಹೇಳಿದ ಕ್ರಮ ಹೀಗಿದೆ. 4(A)(5)ರಲ್ಲಿ ₹4,85,400 ಹಾಗೇ ಇರಲಿ. ಎಂದಿಗೂ ಸಿಗದ ಕಾರಿನ ₹5,400 ಅನ್ನು 4(B)(1)ರಲ್ಲಿ ಹಿಂದಿರುಗಿಸಿ. ಮುಂದೆ ಸಿಗುವ ಪಂಪಿನ ₹18,000 ಅನ್ನು 4(B)(2)ರಲ್ಲಿ ಹಿಂದಿರುಗಿಸಿ. ಕಳೆದು ಉಳಿದದ್ದು ₹4,62,000. ಮುಂದಿನ ತ್ರೈಮಾಸಿಕದಲ್ಲಿ ಪಂಪಿನ ₹18,000 ಅನ್ನು 4(A)(5)ಕ್ಕೆ ಸೇರಿಸಿ, ಅದೇ ಮೊತ್ತವನ್ನು ಮರುಪಡೆದದ್ದೆಂದು 4(D)(1)ರಲ್ಲೂ ತೋರಿಸಿ.

4(B)ಯ ಈ ಎರಡು ಕೋಣೆಗಳನ್ನು ಅದಲುಬದಲು ಮಾಡಿದರೆ ಪೆಟ್ಟು ಬೀಳುತ್ತದೆ. 4(B)(2)ಕ್ಕೆ ಹೋದ ಮೊತ್ತಕ್ಕೆ ಪೋರ್ಟಲಿನಲ್ಲಿ ಪ್ರತ್ಯೇಕ ಖಾತೆಯಿದೆ. ಎಷ್ಟು ಹಿಂದಿರುಗಿಸಿದಿರಿ, ಎಷ್ಟು ಮರುಪಡೆದಿರಿ ಎಂದು ಅದು ಬರೆದಿಟ್ಟುಕೊಳ್ಳುತ್ತದೆ. ಪಂಪನ್ನು 4(B)(1)ರಲ್ಲಿ ಹಾಕಿದರೆ ಆ ಖಾತೆಯಲ್ಲಿ ಬಾಕಿ ಇರುವುದಿಲ್ಲ, ಮುಂದೆ ಮರುಪಡೆಯುವಾಗ ತೊಡಕಾಗುತ್ತದೆ. ಕಾರನ್ನು 4(B)(2)ರಲ್ಲಿ ಹಾಕಿದರೆ ₹5,400 ಬಾಕಿ ಉಳಿದು, ಮುಂದೊಂದು ದಿನ ನಿಮ್ಮ ಜಾಗಕ್ಕೆ ಬಂದವರು ಅದನ್ನು ಹಕ್ಕಿನ ಹಣವೆಂದು ತಿಳಿದು ಎಳೆದುಕೊಳ್ಳುತ್ತಾರೆ.

ಪಂಪಿನ ಬಿಲ್ಲಿಗೆ ಇನ್ನೊಂದು ದಾರಿ ಐಎಂಎಸ್. 2024ರ ಅಕ್ಟೋಬರಿನಿಂದ ಪೋರ್ಟಲಿನಲ್ಲಿರುವ ಈ ವ್ಯವಸ್ಥೆಯಲ್ಲಿ ಪಾರ್ಟಿಯ ಬಿಲ್ಲನ್ನು ಒಪ್ಪಬಹುದು, ತಿರಸ್ಕರಿಸಬಹುದು, ಬಾಕಿ ಇಡಬಹುದು. ಏನೂ ಮಾಡದಿದ್ದರೆ ಒಪ್ಪಿದಂತೆಯೇ. 3ಬಿ ಹಾಕುವ ಮೊದಲು ಪಂಪಿನ ಬಿಲ್ಲನ್ನು ಬಾಕಿ ಇಟ್ಟು 2ಬಿಯನ್ನು ಮತ್ತೆ ಲೆಕ್ಕ ಮಾಡಿಸಿದರೆ ಅದು ₹4,67,400ಕ್ಕೆ ಇಳಿಯುತ್ತದೆ, ಆಗ 4(B)(2)ರಲ್ಲಿ ಏನೂ ಹಾಕಬೇಕಿಲ್ಲ. ಎರಡರಲ್ಲಿ ಒಂದನ್ನು ಮಾತ್ರ ಮಾಡಿ. ಐಎಂಎಸ್‌ನಲ್ಲಿ ಬಾಕಿ ಇಟ್ಟು 4(B)(2)ರಲ್ಲೂ ಹಿಂದಿರುಗಿಸಿದರೆ ಒಂದೇ ₹18,000 ಎರಡು ಸಲ ಕಳೆದುಹೋಗುತ್ತದೆ. ಕಾರಿನ ಬಿಲ್ಲನ್ನು ಮಾತ್ರ ತಿರಸ್ಕರಿಸಲು ಹೋಗಬೇಡಿ. ಶೋರೂಮಿನವರ ಬಿಲ್ಲಿನಲ್ಲಿ ತಪ್ಪಿಲ್ಲ, ಆ ತೆರಿಗೆ ನಮಗೆ ಸಿಗುವುದಿಲ್ಲ, ಅಷ್ಟೇ.

ಮಾರಾಟದ ಕಡೆ

ಖರೀದಿಯ ಹೊಂದಾಣಿಕೆ 14ರ ನಂತರ. ಮಾರಾಟದ್ದು 13ಕ್ಕೆ ಮೊದಲೇ ಮುಗಿಯಬೇಕು, ಏಕೆಂದರೆ 13 ಜಿಎಸ್‌ಟಿಆರ್-1ರ ಕೊನೆಯ ದಿನ. ಮೊದಲಾದರೆ 1ರಲ್ಲಿ ಒಂದು, 3ಬಿಯಲ್ಲಿ ಇನ್ನೊಂದು ಅಂಕಿ ಹಾಕಿ ಆಮೇಲೆ ಸರಿಮಾಡೋಣ ಎನ್ನಬಹುದಿತ್ತು. 2025ರ ಜುಲೈ ತೆರಿಗೆ ಅವಧಿಯಿಂದ 3ಬಿಯಲ್ಲಿ ಮಾರಾಟದ ತೆರಿಗೆ 1ರಿಂದಲೇ ಬಂದು ಕೂರುತ್ತದೆ, ಅಲ್ಲಿ ತಿದ್ದಲಾಗದು. 1 ಹಾಕಿದ ಮೇಲೆ ತಪ್ಪು ಕಂಡರೆ, 3ಬಿ ಹಾಕುವ ಮೊದಲು, ಒಂದೇ ಒಂದು ಸಲ ಜಿಎಸ್‌ಟಿಆರ್-1ಎ ಹಾಕಬಹುದು.

ನಮ್ಮ ಅಂಗಡಿಯ ಮಾರಾಟ ಪುಸ್ತಕದ ಒಟ್ಟು ಮೌಲ್ಯ ₹32,40,000. ಜುಲೈ, ಆಗಸ್ಟಿನ ಐಎಫ್‌ಎಫ್ ಸೇರಿಸಿ ಸಿದ್ಧವಾದ ಜಿಎಸ್‌ಟಿಆರ್-1ರ ಕರಡಿನಲ್ಲಿ ₹32,95,000. ₹55,000 ವ್ಯತ್ಯಾಸದಲ್ಲಿ ಎರಡು ಬಾಬತ್ತು.

ಒಂದು, ₹15,000ಕ್ಕೆ ಪಕ್ಕದ ಅಂಗಡಿಗೆ ಮಾರಿದ ಹಳೆಯ ರ‍್ಯಾಕುಗಳು. ಬಿಲ್ಲು ಹಾಕಿ ತೆರಿಗೆ ವಸೂಲಿ ಮಾಡಿದ್ದಾರೆ, ಅದು ರಿಟರ್ನಿಗೂ ಬಂದಿದೆ. ಹಣ ಮಾತ್ರ ಮಾರಾಟ ಖಾತೆಗೆ ಬೀಳದೆ ಪೀಠೋಪಕರಣ ಖಾತೆಗೆ ಜಮೆಯಾಗಿದೆ. ಇಲ್ಲಿ ತಪ್ಪೇನೂ ಇಲ್ಲ, ಹಾಳೆಯಲ್ಲಿ ಒಂದು ಸಾಲು ವಿವರಣೆ ಸಾಕು. ಆದರೆ ಇದು ಒಂದು ಎಚ್ಚರಿಕೆ: ರಿಟರ್ನನ್ನು ಮಾರಾಟ ಖಾತೆಯ ಜೊತೆ ಮಾತ್ರ ಹೋಲಿಸಬೇಡಿ, ಔಟ್‌ಪುಟ್ ತೆರಿಗೆ ಖಾತೆಗಳ ಜೊತೆಗೂ ಹೋಲಿಸಿ. ರ‍್ಯಾಕಿಗೆ ಬಿಲ್ಲೇ ಹಾಕದೆ ಹಣ ತೆಗೆದುಕೊಂಡಿದ್ದರೆ ಎರಡೂ ಕಡೆ ಕಾಣುತ್ತಿರಲಿಲ್ಲ. ಅದು ಸಿಗುವುದು ಪೀಠೋಪಕರಣ ಖಾತೆಯ ಜಮೆಗಳನ್ನು ನೋಡಿದಾಗ ಮಾತ್ರ.

ಎರಡು, ಗುತ್ತಿಗೆದಾರರೊಬ್ಬರ ಆಗಸ್ಟ್ ಬಿಲ್ಲು. ಸೆಪ್ಟೆಂಬರ್ 13ರ ಒಳಗೆ ಐಎಫ್‌ಎಫ್‌ನಲ್ಲಿ ಅದು ಹೋಗಿದೆ. ಸೆಪ್ಟೆಂಬರ್ ಕೊನೆಯಲ್ಲಿ ಅವರು ₹40,000 ಮೌಲ್ಯದ ಪೈಪು ವಾಪಸ್ ತಂದಾಗ, ಅಂಗಡಿಯವರು ಟ್ಯಾಲಿಯಲ್ಲಿ ಆಗಸ್ಟಿನ ಬಿಲ್ಲನ್ನೇ ತೆರೆದು ಮೊತ್ತ ಇಳಿಸಿದ್ದಾರೆ. ರಿಟರ್ನಿನಲ್ಲಿ ಹಳೆಯ ಮೊತ್ತ, ಬುಕ್ಸಿನಲ್ಲಿ ಹೊಸದು. ಸರಿಯಾದ ಕ್ರಮ: ಆಗಸ್ಟಿನ ಬಿಲ್ಲನ್ನು ಮೊದಲಿನಂತೆ ಮಾಡಿ, ಸೆಪ್ಟೆಂಬರ್ ತಾರೀಖಿನ ಕ್ರೆಡಿಟ್ ನೋಟು ಹಾಕಿ, ಅದನ್ನು ಜಿಎಸ್‌ಟಿಆರ್-1ರಲ್ಲಿ ಸೇರಿಸುವುದು. ಆಗ ರಿಟರ್ನ್ ₹32,55,000. ಬುಕ್ಸಿನಲ್ಲಿ ಮಾರಾಟ ₹32,40,000 ಮತ್ತು ರ‍್ಯಾಕಿನ ₹15,000 ಸೇರಿ ಅಷ್ಟೇ. ಐಎಫ್‌ಎಫ್ ಹೋದ ತಿಂಗಳನ್ನು ಟ್ಯಾಲಿಯಲ್ಲಿ ಯಾರೂ ಮುಟ್ಟದಂತೆ ಬೀಗ ಹಾಕುವುದೇ ಇದಕ್ಕೆ ಮದ್ದು.

ದರ ಬದಲಾದ ತ್ರೈಮಾಸಿಕದಲ್ಲಿ ಇನ್ನೂ ಒಂದು ಕೆಲಸ ಉಂಟು. ಚಿಲ್ಲರೆ ಮಾರಾಟವನ್ನು ದರವಾರು ಬಿಡಿಸಿ, ಸೆಪ್ಟೆಂಬರ್ 22ರಿಂದ ಈಚಿನ ಸಿಮೆಂಟ್ ಬಿಲ್ಲುಗಳಲ್ಲಿ ಶೇ 28 ಎಲ್ಲಾದರೂ ಉಳಿದಿದೆಯೇ ನೋಡಿ. ಗಿರಾಕಿಯಿಂದ ಶೇ 28 ವಸೂಲಿ ಮಾಡಿಬಿಟ್ಟಿದ್ದರೆ ರಿಟರ್ನಿನಲ್ಲಿ ಶೇ 18 ಎಂದು ಇಳಿಸಿ ಉಳಿದದ್ದನ್ನು ಇಟ್ಟುಕೊಳ್ಳುವಂತಿಲ್ಲ. ತೆರಿಗೆಯೆಂದು ವಸೂಲಾದದ್ದು ಸರ್ಕಾರಕ್ಕೆ ಹೋಗಬೇಕು. ಹಳೆಯ ದಾಸ್ತಾನನ್ನು ಶೇ 28ರಲ್ಲಿ ಕೊಂಡು ಶೇ 18ರಲ್ಲಿ ಮಾರಿದ್ದರೆ ಚಿಂತೆಯಿಲ್ಲ, ಕೊಂಡಾಗಿನ ಇನ್‌ಪುಟ್ ಪೂರ್ತಿ ನಿಮ್ಮದೇ.

ಮುಂದಕ್ಕೆ ಒಯ್ಯುವ ಪಟ್ಟಿ

ರಿಟರ್ನ್ ಹೋದ ಮೇಲೆ ಹೆಚ್ಚಿನವರು ಫೈಲು ಮುಚ್ಚುತ್ತಾರೆ. ವೈರ್ ಬಿಲ್ಲಿನ ₹16,200 ಮರೆತುಹೋಗುವುದು ಆಗಲೇ. ಟ್ಯಾಲಿಯಲ್ಲಿ ‘ಬರಬೇಕಾದ ಇನ್‌ಪುಟ್’ ಎಂದು ಒಂದು ಖಾತೆ ತೆರೆದು, ತ್ರೈಮಾಸಿಕದ ಕೊನೆಯ ದಿನ ಈ ಮೊತ್ತವನ್ನು ಇನ್‌ಪುಟ್ ಖಾತೆಯಿಂದ ಅಲ್ಲಿಗೆ ಜರ್ನಲ್ ನಮೂದಿನ ಮೂಲಕ ಸಾಗಿಸಿ. ಸಿಮೆಂಟು, ಕ್ರೆಡಿಟ್ ನೋಟಿನ ತಿದ್ದುಪಡಿಗಳೂ ಆದ ಮೇಲೆ, ಈ ಮೂರು ತಿಂಗಳಿಗೆ ಬುಕ್ಸಿನಲ್ಲಿ ಉಳಿಯುವ ಇನ್‌ಪುಟ್ಟೂ ಪೋರ್ಟಲಿನ ಕ್ರೆಡಿಟ್ ಲೆಡ್ಜರಿಗೆ ಜಮೆಯಾದದ್ದೂ ಒಂದೇ ಆಗುತ್ತವೆ: ₹4,62,000. ಮುಂದೆ ಯಾವ ತ್ರೈಮಾಸಿಕದಲ್ಲಿ ಇವೆರಡು ದೂರವಾದರೂ ಹುಡುಕಬೇಕಾದದ್ದು ಆ ಮೂರು ತಿಂಗಳನ್ನು ಮಾತ್ರ.

ಪಟ್ಟಿಯ ಪ್ರತಿ ಸಾಲಿಗೂ ಒಂದು ಗಡುವು ಬರೆಯಿರಿ. 2025–26ರ ಬಿಲ್ಲುಗಳ ಇನ್‌ಪುಟ್ ಪಡೆಯಲು ಕೊನೆಯ ದಿನ 2026ರ ನವೆಂಬರ್ 30, ಅಥವಾ ಆ ವರ್ಷದ ವಾರ್ಷಿಕ ರಿಟರ್ನ್ ಹಾಕಿದ ದಿನ, ಯಾವುದು ಮೊದಲೋ ಅದು. ವೈರ್ ಬಿಲ್ಲು ಅಕ್ಟೋಬರ್–ಡಿಸೆಂಬರ್ 2ಬಿಯಲ್ಲೂ ಬರದಿದ್ದರೆ ಆಗಲೇ ಪಾರ್ಟಿಯನ್ನು ಹಿಡಿಯಿರಿ. ಅವರ ಮುಂದಿನ ಬಿಲ್ಲಿನ ಹಣ ಇನ್ನೂ ನಿಮ್ಮ ಮಾಲೀಕರ ಕೈಯಲ್ಲಿರುವಾಗ ಮಾತಿಗೆ ತೂಕವಿರುತ್ತದೆ. ಹಾಗೆಂದು ಹಣವನ್ನು ಬಹಳ ದಿನ ತಡೆದರೆ ಇನ್ನೊಂದು ತೊಡಕು: ಬಿಲ್ಲಿನ ದಿನದಿಂದ 180 ದಿನದೊಳಗೆ ಪಾರ್ಟಿಗೆ ಪಾವತಿ ಆಗದಿದ್ದರೆ, ಪಡೆದ ಇನ್‌ಪುಟ್ಟನ್ನು ಬಡ್ಡಿಯೊಂದಿಗೆ ಹಿಂದಿರುಗಿಸಿ, ಪಾವತಿ ಮಾಡಿದ ಮೇಲೆ ಮತ್ತೆ ಪಡೆಯಬೇಕು.

ಕರ್ನಾಟಕದ ತ್ರೈಮಾಸಿಕ ವರ್ತಕರಿಗೆ 3ಬಿಯ ಕೊನೆಯ ದಿನ 22. ಆ ಸೆಪ್ಟೆಂಬರ್ ತ್ರೈಮಾಸಿಕಕ್ಕೆ 25ರವರೆಗೆ ಸಮಯ ಸಿಕ್ಕಿತ್ತು, ಪ್ರತಿ ಸಲ ಹಾಗೆ ಸಿಗುವುದಿಲ್ಲ. 14ರಿಂದ 22ರವರೆಗಿನ ಎಂಟು ದಿನದಲ್ಲಿ ಎಲ್ಲ ಅಂಗಡಿಗಳನ್ನೂ ಮುಗಿಸುವುದು ನಿಮಗೆಷ್ಟು ಕಷ್ಟವೆಂದು ಬಲ್ಲೆ. ತ್ರೈಮಾಸಿಕದವರಿಗೆ ಮೊದಲ ಎರಡು ತಿಂಗಳು 2ಬಿ ಬರುವುದಿಲ್ಲವಾದರೂ, ಪಾರ್ಟಿಗಳು ಕಳಿಸಿದ ಬಿಲ್ಲುಗಳು ಐಎಂಎಸ್‌ನಲ್ಲಿ ಆಗಿಂದಾಗ್ಗೆ ಕಾಣುತ್ತವೆ. ಜುಲೈ, ಆಗಸ್ಟಿನ ಬಿಲ್ಲುಗಳನ್ನು ಅಲ್ಲಿಂದಲೇ ಹೊಂದಿಸಿಟ್ಟುಕೊಂಡರೆ ಅಕ್ಟೋಬರಿನಲ್ಲಿ ಹೆಚ್ಚಾಗಿ ಸೆಪ್ಟೆಂಬರ್ ಒಂದೇ ಉಳಿಯುತ್ತದೆ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಸಲ ಫೈಲು ಕಳಿಸುವಾಗ ವ್ಯತ್ಯಾಸ ಇಷ್ಟು ಎಂದು ಹೇಳಬೇಡಿ. ಮೇಲಿನಂಥ ಒಂದು ಪುಟದ ಪಟ್ಟಿ ಮಾಡಿ, ಪ್ರತಿ ಸಾಲಿನಲ್ಲಿ ಪಾರ್ಟಿ, ಬಿಲ್ ನಂಬರು, ತೆರಿಗೆ, ಕಾರಣ, 3ಬಿಯ ಯಾವ ಕೋಣೆಗೆ ಹೋಗಿದೆ, ಗಡುವು ಯಾವಾಗ ಎಂದು ಬರೆದು, ಮಾಲೀಕರ ಸಹಿ ಹಾಕಿಸಿ ಲಗತ್ತಿಸಿ. ಕಾರಿನ ಬಿಲ್ಲು ಯಾರದ್ದು, ರಿಯಾಯಿತಿ ನಿಜವೇ, ಲಾರಿ ಯಾವತ್ತು ಬಂತು ಎಂಬುದನ್ನು ಬಲ್ಲವರು ಅವರೇ. ಎರಡು ವರ್ಷದ ನಂತರ ನೋಟಿಸು ಬಂದು, ಅಷ್ಟರಲ್ಲಿ ನೀವು ಬೇರೆ ಅಂಗಡಿಗೆ ಹೋಗಿದ್ದರೂ, ಉತ್ತರ ಬರೆಯುವವರಿಗೆ ಬೇಕಾದದ್ದೆಲ್ಲ ಆ ಪುಟದಲ್ಲಿರುತ್ತದೆ.

ಇಂತಿ,
ನಿಮ್ಮ ಫೈಲುಗಳನ್ನು ತೆರೆಯುವ ತೆರಿಗೆ ಸಲಹೆಗಾರ